ಕರಾರಿನ ಹೊರಗಿನವನು

ಮುಂದಿನ ಬೆಂಚಿನ ಹುಡುಗಿ ಬಾಯಿಗೆ ಕೈ ಅಡ್ಡ ಇಡದೆ ಆಕಳಿಸಿದಾಗ ಉಪನ್ಯಾಸಕಿಗೆ ಕೈಯಲ್ಲಿದ್ದ ಸೀಮೆಸುಣ್ಣವನ್ನು ಆ ಬಾಯಿಗೇ ಗುರಿಯಿಟ್ಟು ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಹಾಗೆ ಎಸೆಯದೆ ಇರುವುದಕ್ಕೆ ಕಾರಣವೇನು ಎಂಬುದೇ ಅಂದಿನ ಪಾಠವಾಗಿತ್ತು. ಮನುಷ್ಯ ಹುಟ್ಟಿನಿಂದ ಬಂದ ಸ್ವಾತಂತ್ರ್ಯವನ್ನು ಯಾಕೆ ಬಿಟ್ಟುಕೊಡುತ್ತಾನೆ? ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಇದೇ ಪ್ರಶ್ನೆಯನ್ನು ಇದೇ ಹಲಗೆಯ ಮೇಲೆ ಬರೆದು ಒರೆಸಿದ್ದಳು. ಉತ್ತರ ಕೊಡುವ ಮೂವರ ನಿಜವಾದ ಹೆಸರುಗಳು ಪಠ್ಯಪುಸ್ತಕದಲ್ಲಿದ್ದವು. ತರಗತಿಯಲ್ಲಿ ಅವಳು ಇಟ್ಟ ಅಡ್ಡಹೆಸರುಗಳೇ ಚಾಲ್ತಿ. ಮೊದಲನೆಯವನು ಪುಕ್ಕಲ: ತಾನೂ ಭಯವೂ ಅವಳಿಜವಳಿ ಎಂದು ತಾನೇ ಹೇಳಿಕೊಂಡವನು, ದೇಶದಲ್ಲಿ ಅಂತರ್ಯುದ್ಧದ ವಾಸನೆ ಬಂದೊಡನೆ ಗಂಟುಮೂಟೆ ಕಟ್ಟಿದವನು. ಎರಡನೆಯವನು ವೈದ್ಯ: ರೋಗಿಗಳ ನಾಡಿಯನ್ನೂ ಆಳುವವರ ನಾಡಿಯನ್ನೂ ಹಿಡಿದು ನೋಡಿದವನು. ಮೂರನೆಯವನು ಗಡಿಯಾರದವನ ಮಗ: ಅಪ್ಪ ಗಡಿಯಾರ ಮಾಡುತ್ತಿದ್ದ, ಮಗನಿಗೆ ಮಾತ್ರ ಯಾವ ಮನೆಯಲ್ಲೂ ಯಾವ ಸ್ನೇಹದಲ್ಲೂ ಮುಳ್ಳು ಸರಿಯಾಗಿ ನಿಲ್ಲಲಿಲ್ಲ.

‘ಪುಕ್ಕಲನ ಪ್ರಕಾರ ಸರ್ಕಾರ ಇಲ್ಲದ ಕಡೆ ಎಲ್ಲರೂ ಸಮ,’ ಎಂದಳು. ‘ಯಾಕೆ ಸಮ? ಒಳ್ಳೆಯವರು ಅಂತಲ್ಲ. ಎಂಥ ನರಪೇತಲನೂ ಮಲಗಿರೋ ಪೈಲ್ವಾನನ ಕುತ್ತಿಗೆ ಕುಯ್ಯಬಹುದು, ಅದಕ್ಕೆ.’ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಲಿ. ಸಂಜೆ ಇವಳನ್ನೇ ಕೂರಿಸಿಕೊಂಡು ನಗುವವರಿದ್ದಾರೆ. ಇವಳ ಕಟ್ಟಡದ ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಲ್ಲ ಮನೆಯವರೂ ಸೇರಿ ಇವಳ ತಮ್ಮನನ್ನು ಕಬ್ಬಿಣದ ಸರಳಿನ ಬಾಗಿಲೊಳಗೆ ಇಡಬೇಕೋ ಬೇಡವೋ ಎಂದು ತೀರ್ಮಾನಿಸಲಿದ್ದರು. ಅದು ನೆನಪಾದಾಗ ಬಾಯಿ ತನ್ನಷ್ಟಕ್ಕೆ ಪಾಠ ಮುಂದುವರಿಸಿತು. ಸಮಾನರಾದ್ದರಿಂದ ಎಲ್ಲರಿಗೂ ಒಂದೇ ವಸ್ತುವಿನ ಮೇಲೆ ಆಸೆ, ಆಸೆಯಿಂದ ಸಂಶಯ, ಅವನು ಹೊಡೆಯುವ ಮೊದಲು ನಾನೇ ಹೊಡೆಯಬೇಕೆಂಬ ಲೆಕ್ಕ, ಇವೆರಡೂ ಇಲ್ಲದಿದ್ದರೆ ಮರ್ಯಾದೆಯ ಜಗಳ, ನನ್ನನ್ನು ನೋಡಿ ನಕ್ಕನೆಂಬ ಜಗಳ. ಮೂರು ಕಾರಣ, ಬರೆದುಕೊಳ್ಳಿ. ಹುಡುಗ ಹುಡುಗಿಯರು ಬರೆದುಕೊಂಡರು.

ಈ ಮೂರು ಕಾರಣಗಳನ್ನು ಅವಳು ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ತಾರಸಿಯ ಮೇಲೆ ಕಂಡಿದ್ದಳು. ಹಿಂದೊಂದು ಬೇಸಗೆಯಲ್ಲಿ ಕಟ್ಟಡಕ್ಕೆ ಬೆಳಗ್ಗೆ ಮಾತ್ರ ನೀರು. ಒಂದೊಂದು ಮನೆಗೂ ತಾರಸಿಯ ಟ್ಯಾಂಕಿನಿಂದ ಒಂದೊಂದು ಕೊಳವೆ, ಒಂದೊಂದು ವಾಲ್ವು. ಮೊದಲು ಯಾರೋ ತಮಗೆ ಹೆಚ್ಚು ಬರಲೆಂದು ಪಕ್ಕದವರ ವಾಲ್ವು ತಿರುಗಿಸಿದರು. ಆಮೇಲೆ, ತಿರುಗಿಸಿಬಿಟ್ಟಾರೆಂದು ಎಲ್ಲರೂ ಎಲ್ಲರದನ್ನೂ ತಿರುಗಿಸತೊಡಗಿದರು. ಕೊನೆಗೆ ಮಳೆ ಬಂದು ನೀರು ಸಾಕಷ್ಟಾದ ಮೇಲೂ ತಿರುಗಿಸುತ್ತಿದ್ದರು, ಮೆಟ್ಟಿಲ ಮೇಲೆ ಗುರಾಯಿಸಿದ್ದಕ್ಕೆ. ಕೋಲೂರಿ ನಡೆಯುತ್ತಿದ್ದ ಒಬ್ಬ ಮುದುಕಿ, ಟೈರ್ ಅಂಗಡಿ ಇಟ್ಟಿದ್ದ ಗಟ್ಟಿಮುಟ್ಟು ಆಳಿನ ಮನೆಯ ನೀರನ್ನು ಇಡೀ ಒಂದು ವಾರ ನಿಲ್ಲಿಸಿದ್ದಳು; ಅವನು ಸೋಪು ಹಚ್ಚಿಕೊಂಡ ಮೈಯಲ್ಲಿ ಟವೆಲು ಸುತ್ತಿ ತಾರಸಿಗೆ ಓಡುತ್ತಿದ್ದ. ಎಲ್ಲರಿಗೂ ನಿದ್ದೆಗೆಟ್ಟಿತ್ತು. ಕೊನೆಗೆ ಸರ್ವೇಯರ್ ಕೆಲಸದಿಂದ ನಿವೃತ್ತನಾದ ಮೇಲಿನ ಮನೆಯವನ ಕೆನ್ನೆಗೆ ಯಾರೋ ಬಾರಿಸಿದ ದಿನ, ಎಲ್ಲರೂ ಇವಳ ಬಳಿ ಬಂದರು. ‘ನೀವು ಇದನ್ನೇ ಓದಿಕೊಂಡೋರು, ಒಂದು ಕರಾರು ಬರೆದುಕೊಡಿ ಮೇಡಂ’ ಎಂದರು. ಜನ್ಮದಲ್ಲಿ ಮೊದಲ ಸಲ ಅವಳ ವಿದ್ಯೆ ಯಾರಿಗೋ ಬೇಕಾಗಿತ್ತು. ಉಬ್ಬಿಹೋದಳು, ಸುಳ್ಳೇಕೆ.

ಬರೆಯುವಾಗ ವೈದ್ಯನ ದಾರಿಯೂ ಕಣ್ಣ ಮುಂದಿತ್ತು. ವೈದ್ಯನ ಪ್ರಕಾರ ಸರ್ಕಾರಕ್ಕೆ ಮೊದಲೂ ಜನ ಕಚ್ಚಾಡುವ ನಾಯಿಗಳಲ್ಲ. ಇನ್ನೊಬ್ಬರ ಜೀವ, ಸ್ವಾತಂತ್ರ್ಯ, ಆಸ್ತಿ ಮುಟ್ಟಬಾರದೆಂಬ ಅರಿವು ವಿವೇಕ ಇರುವ ಎಲ್ಲರಿಗೂ ಉಂಟು. ತೊಂದರೆ ಬೇರೆ: ಎಲ್ಲರಿಗೂ ಗೊತ್ತಿರುವ ಒಂದು ಸ್ಥಿರ ಕಾನೂನಿಲ್ಲ, ನಿಷ್ಪಕ್ಷ ತೀರ್ಪುಗಾರನಿಲ್ಲ, ತೀರ್ಪನ್ನು ಜಾರಿ ಮಾಡುವ ಬಲವಿಲ್ಲ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾದರೆ ಮನುಷ್ಯ ಕೆಡುತ್ತಾನೆ. ಆದ್ದರಿಂದ ಅವನು ಬಿಟ್ಟುಕೊಡುವುದು ತೀರ್ಪು ಕೊಟ್ಟು ಶಿಕ್ಷಿಸುವ ಹಕ್ಕನ್ನು ಮಾತ್ರ, ಅದೂ ನಂಬಿಕೆಯ ಮೇಲೆ. ನಂಬಿಕೆ ಕೆಟ್ಟರೆ ವಾಪಸ್ಸು. ಅವಳು ಆ ದಾರಿ ಹಿಡಿಯಲಿಲ್ಲ. ಪುಕ್ಕಲನ ದಾರಿ ಹಿಡಿದಳು. ಅವನ ಕರಾರು ಜನಜನರ ನಡುವಿನದು: ನಾನು ನನ್ನನ್ನು ಆಳಿಕೊಳ್ಳುವ ಹಕ್ಕು ಬಿಡುತ್ತೇನೆ, ನೀನೂ ಬಿಡು, ಇಬ್ಬರೂ ಇಗೋ ಇವನಿಗೆ ಒಪ್ಪಿಸೋಣ. ‘ಇವನು’ ಯಾರಿಗೂ ಏನೂ ಮಾತು ಕೊಟ್ಟಿರುವುದಿಲ್ಲ. ಮಾತೇ ಕೊಡದವನು ಮಾತಿಗೆ ತಪ್ಪುವುದು ಹೇಗೆ? ಆ ತರ್ಕದ ಅಚ್ಚುಕಟ್ಟು ಅವಳಿಗೆ ಮೊದಲಿನಿಂದಲೂ ಇಷ್ಟ. ಟೈರ್ ಅಂಗಡಿಯವನನ್ನು ಅಧ್ಯಕ್ಷ ಮಾಡಿ, ತಾರಸಿಯ ಬೀಗದ ಕೈ, ಗೇಟಿನ ಬೀಗದ ಕೈ, ಕಟ್ಟಡದ ನೆಮ್ಮದಿಗೆ ಬೇಕಾದ್ದನ್ನೆಲ್ಲ ತೀರ್ಮಾನಿಸುವ ಅಧಿಕಾರ ಅವನ ಕೈಗಿಟ್ಟಳು. ಸಹಿಗಳು ಮನೆಯವರದು, ಅವನ ಸಹಿಗೆ ಜಾಗವನ್ನೇ ಬಿಡಲಿಲ್ಲ.

‘ಅವನೇ ತಪ್ಪು ಮಾಡಿದ್ರೆ ಇಳಿಸೋದು ಹೇಗೆ ಮೇಡಂ?’ ಎಂದು ಕೆನ್ನೆ ಉಜ್ಜಿಕೊಳ್ಳುತ್ತ ಸರ್ವೇಯರ್ ಕೇಳಿದ್ದ.

‘ತಪ್ಪು ಅಂತ ತೀರ್ಮಾನ ಮಾಡೋರು ಯಾರು? ನೀವಾ, ನಾನಾ? ಅಲ್ಲಿಂದಲೇ ಮತ್ತೆ ಜಗಳ ಶುರು’ ಎಂದು ಅವಳು ಬಾಯಿ ಮುಚ್ಚಿಸಿದ್ದಳು.

ಒಬ್ಬ ದರ್ಜಿ ಮಾತ್ರ ಸಹಿ ಹಾಕಲಿಲ್ಲ. ಮನೆಯಲ್ಲೇ ಹೊಲಿಗೆಯಂತ್ರ ಇಟ್ಟುಕೊಂಡಿದ್ದ ಒಂಟಿ ಮನುಷ್ಯ. ‘ನನ್ನ ನೀರಿನ ಬೀಗ ಇನ್ನೊಬ್ಬನ ಜೇಬಲ್ಲಿ ಯಾಕಿರಬೇಕು?’ ಎಂದ, ಅಷ್ಟೆ. ಅವನಿಗೆ ಅವಳು ಮೆಟ್ಟಿಲ ಮೇಲೆ ನಿಂತು ಪಾಠ ಮಾಡಿದಳು. ‘ನೀವು ಈ ಮೆಟ್ಟಿಲು ಬಳಸ್ತೀರಿ, ಈ ಗೇಟು ಬಳಸ್ತೀರಿ. ಬಾಯಲ್ಲಿ ಹೇಳದಿದ್ರೂ ಒಪ್ಪಿದ ಹಾಗೇ’ ಎಂದು ವೈದ್ಯನಿಂದ ಒಂದು ಎರವಲು ತಂದಳು. ಅವನು ಒಪ್ಪದೆ ಹೋದಾಗ ಪುಕ್ಕಲನಿಗೆ ಮರಳಿದಳು: ಬಹುಮತ ಒಪ್ಪಿದ ಮೇಲೂ ಒಪ್ಪದವನು ಹಳೆಯ ಯುದ್ಧದಲ್ಲೇ ಉಳಿದವನು, ಅವನಿಗೆ ಏನು ಮಾಡಿದರೂ ಅನ್ಯಾಯವಲ್ಲ. ಇದನ್ನು ಅಧ್ಯಕ್ಷನ ಮುಂದೆ ತಮಾಷೆಗೆಂದು ಹೇಳಿದ್ದಳು. ಅಧ್ಯಕ್ಷ ತಮಾಷೆ ಅರ್ಥವಾಗದ ಮನುಷ್ಯ. ಹಿಂದೆ ಅವಳ ತರಗತಿಯಲ್ಲೂ ಹಾಗೇ ಇದ್ದ, ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ದರ್ಜಿಯ ವಾಲ್ವು ಮುಚ್ಚಿತು. ಅವನು ಕೆಲವು ದಿನ ಬೀದಿಯ ನಲ್ಲಿಯಿಂದ ಬಕೆಟ್ಟಿನಲ್ಲಿ ಹೊತ್ತು ತಂದ. ಅವಳ ಬಾಗಿಲ ಮುಂದೆ ನೀರು ತುಳುಕುತ್ತಿತ್ತು, ಅವಳು ಅದನ್ನು ಒರೆಸಿಕೊಂಡು ಸಿಡಿಮಿಡಿಗೊಳ್ಳುತ್ತಿದ್ದಳು. ಆಮೇಲೆ ಅವನು ಮನೆ ಖಾಲಿ ಮಾಡಿದ. ಹೊಲಿಗೆಯಂತ್ರದ ಸದ್ದು ನಿಂತದ್ದು ಎಲ್ಲರಿಗೂ ಹಾಯೆನಿಸಿತು.

ಪಾಠ ಮುಗಿದ ಗಂಟೆ ಹೊಡೆಯಿತು. ಸ್ಟಾಫ್ ರೂಮಿನಲ್ಲಿ ಅವಳು ಕುಡಿಯದ ಟೀ ಕೆನೆಗಟ್ಟಿತು. ತಮ್ಮನ ವಿಷಯ ಎಷ್ಟು ಸಣ್ಣದು! ಅಚ್ಚಿನ ಮನೆಯಲ್ಲಿ ಕರಡು ತಿದ್ದುತ್ತಿದ್ದವನು, ತಪ್ಪು ಹುಡುಕಿ ಹುಡುಕಿ ಒಂದು ದಿನ ತಪ್ಪಿಲ್ಲದ ಕಡೆಯೂ ತಪ್ಪು ಕಾಣತೊಡಗಿ ಕೆಲಸ ಬಿಟ್ಟು ಅಕ್ಕನ ಮನೆಗೆ ಬಂದ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಮೆಟ್ಟಿಲು ಇಳಿದು, ಹತ್ತಿ, ಪ್ರತಿ ಮನೆಯ ಬಾಗಿಲ ಹಿಡಿಯನ್ನು ಒಮ್ಮೆ ತಿರುಗಿಸಿ ನೋಡುತ್ತಾನೆ. ‘ಬೀಗ ಹಾಕಿದ್ದಾರೋ ಇಲ್ಲವೋ ಅಂತ ಅಕ್ಕ. ಕೆಲವರು ಮರೆತುಬಿಡ್ತಾರೆ’ ಎನ್ನುತ್ತಾನೆ. ಹಾಕಿದ್ದರೆ ಸಮಾಧಾನದಿಂದ ಮುಂದಿನ ಬಾಗಿಲಿಗೆ ಹೋಗುತ್ತಾನೆ. ಒಳಗಿದ್ದವರಿಗೆ ಕಾಣುವುದು ಹಿಡಿ ತಾನಾಗಿ ತಿರುಗುವುದಷ್ಟೆ. ಹೋದ ವಾರ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸಿನ ಮನೆಯ ಬಾಗಿಲು ತೆರೆದುಕೊಂಡಿತು. ಒಳಗೆ ಹೋಗಿ, ಮನೆಯವರು ಬರುವವರೆಗೆ ಕಾಯೋಣವೆಂದು ಸೋಫಾದ ಮೇಲೆ ಕೂತ. ಸ್ನಾನ ಮುಗಿಸಿ ಬಂದ ಆಕೆಯ ಮಗಳು ಕಿರುಚಿದ ಸದ್ದಿಗೆ ಇಡೀ ಕಟ್ಟಡ ಮೆಟ್ಟಿಲಿಗೆ ಬಂತು. ತಮ್ಮ ಎರಡೂ ಕಿವಿ ಮುಚ್ಚಿಕೊಂಡು, ‘ಬೀಗ ಹಾಕಿರಲಿಲ್ಲ, ಬೀಗ ಹಾಕಿರಲಿಲ್ಲ’ ಎನ್ನುತ್ತಿದ್ದ. ಮನುಷ್ಯರ ಬಗ್ಗೆ ಇಷ್ಟು ಕೆಟ್ಟದಾಗಿ ಯೋಚಿಸಬಹುದೇ ಎಂದು ಕೇಳಿದವರಿಗೆ ಪುಕ್ಕಲ ಕೊಟ್ಟ ಉತ್ತರ ಅವಳಿಗೆ ನೆನಪಿತ್ತು: ಕಾನೂನಿದ್ದರೂ ನೀನು ಮನೆಗೆ ಅಗುಳಿ ಹಾಕುವುದಿಲ್ಲವೇ, ಪೆಟ್ಟಿಗೆಗೆ ಬೀಗ ಹಾಕುವುದಿಲ್ಲವೇ? ಹಾಗೆ ಹಾಕುವವರೆಲ್ಲ ಸಜ್ಜನರು. ಹಾಕಿದೆಯೇ ಎಂದು ನೋಡುವವನು ಹುಚ್ಚ.

ನೆಲಮಾಳಿಗೆಯಲ್ಲಿ ಅವಳಿಗೆಂದು ಒಂದು ಕುರ್ಚಿಯನ್ನು ಮಿಕ್ಕವರಿಗೆ ಎದುರಾಗಿ ಹಾಕಿದ್ದರು. ಅದನ್ನು ಎಳೆದು ಅವರ ಸಾಲಿಗೆ ಸೇರಿಸಿಕೊಂಡಳು; ಪಕ್ಕದಲ್ಲಿದ್ದ ಸರ್ವೇಯರ್ ತನ್ನ ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿದ. ಎಂಜಿನ್ ಎಣ್ಣೆಯ ವಾಸನೆ. ಅಧ್ಯಕ್ಷ ಎದ್ದು ನಿಂತು, ಮೇಡಂ ಮನೆಯ ಬಾಗಿಲಿಗೆ ಹೊರಗಿನಿಂದ ಕಬ್ಬಿಣದ ಗ್ರಿಲ್ ಹಾಕುವುದು, ಬೀಗದ ಕೈ ತನ್ನ ಬಳಿ ಇರುವುದು, ಮೇಡಂ ಹೋಗುವಾಗ ಬರುವಾಗ ತೆಗೆದುಕೊಡುವುದು ಎಂದು, ಟೈರಿನ ದರ ಹೇಳುವ ದನಿಯಲ್ಲಿ ಹೇಳಿದ.

‘ಇದು ಕರಾರಿಗೆ ವಿರುದ್ಧ’ ಎಂದಳು.

‘ಯಾರ ಕರಾರು ಮೇಡಂ? ನಾನು ಸಹಿನೇ ಹಾಕಿಲ್ವಲ್ಲ’ ಎಂದ. ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಅವಳು ಪುಕ್ಕಲನನ್ನೇ ಅವನ ಮೇಲೆ ಛೂ ಬಿಟ್ಟಳು. ಎಲ್ಲ ಬಿಟ್ಟುಕೊಟ್ಟರೂ ಒಂದನ್ನು ಬಿಟ್ಟುಕೊಡಲು ಆಗುವುದಿಲ್ಲ. ಯಾವ ಪ್ರಾಣಭಯಕ್ಕೆ ಮನುಷ್ಯ ಕರಾರಿಗೆ ಬಂದನೋ ಆ ಪ್ರಾಣವನ್ನು. ಕೊಲ್ಲಲು, ಗಾಯಗೊಳಿಸಲು, ಸೆರೆ ಹಾಕಲು ಬಂದವರನ್ನು ತಡೆಯುವುದಿಲ್ಲ ಎಂದು ಯಾರೂ ಮಾತು ಕೊಡಲಾರರು. ಕೊಟ್ಟರೂ ಅದು ಮಾತಲ್ಲ. ‘ನಿಮಗೆ ನೆನಪಿರಬೇಕು’ ಎಂದಳು, ಮೇಷ್ಟ್ರ ಗತ್ತಿನಿಂದ.

‘ನೆನಪಿದೆ ಮೇಡಂ. ತಡೆಯೋ ಹಕ್ಕು ಸೆರೆಗೆ ಬೀಳೋನಿಗಿದೆ. ಹಾಗಂತ ಸೆರೆ ಹಾಕೋ ಹಕ್ಕು ಆಳೋನಿಗೆ ತಪ್ಪಿಹೋಗಲ್ಲ. ಎರಡೂ ಒಟ್ಟಿಗೇ ಇರತ್ತೆ ಅಂತ ನೀವೇ ಬರೆಸಿದ್ರಿ. ತಮ್ಮ ತಡೀಲಿ, ಪಾಪ. ನಾವು ಗ್ರಿಲ್ ಹಾಕ್ತೀವಿ.’

ಸರಿಯಾಗಿಯೇ ಹೇಳಿದ್ದ. ಪೂರ್ತಿ ಅಂಕ ಕೊಡಬೇಕಾದ ಉತ್ತರ. ವೈದ್ಯನನ್ನು ಕರೆದಳು: ಬ್ಯಾಂಕಿನಾಕೆ ದೂರು ಕೊಟ್ಟವಳು, ಅವಳೇ ಇಲ್ಲಿ ಕೂತು ತೀರ್ಪಿಗೆ ಕೈ ಎತ್ತುವುದು ಯಾವ ನ್ಯಾಯ? ಇನ್ನೊಬ್ಬನನ್ನು ಅವನ ಒಪ್ಪಿಗೆ ಇಲ್ಲದೆ ತನ್ನ ಹಿಡಿತಕ್ಕೆ ತೆಗೆದುಕೊಳ್ಳಲು ಹೊರಟವನು ಅವನ ಮೇಲೆ ಯುದ್ಧ ಸಾರಿದ ಹಾಗೆ. ಬ್ಯಾಂಕಿನಾಕೆ ಕೈಚೀಲವನ್ನು ಮಡಿಲಿಗೆ ಒತ್ತಿಕೊಂಡು, ‘ನಿಮ್ಮ ಪಾಠ ಕೇಳಿಕೊಂಡು ನನ್ನ ಮಗಳು ಮಲಗಕ್ಕಾಗತ್ತಾ? ಮಲಗಿದ್ರೂ ಹಿಡಿ ತಿರುಗಿತು ಅಂತ ಏಳ್ತಾಳೆ’ ಎಂದಳು. ಅದು ನಿಜವಾಗಿತ್ತು, ನಿಜವಾಗಿದ್ದರಿಂದಲೇ ಉಪನ್ಯಾಸಕಿಗೆ ಆಕೆಯ ಮುಖ ನೋಡಲು ಅಸಹ್ಯವಾಯಿತು. ಅಧ್ಯಕ್ಷ ಮಾತ್ರ ಪಾಠದ ದಾರಿ ಬಿಡಲಿಲ್ಲ.

‘ಒಪ್ಪಿಗೆ ಅಂದ್ರಿ. ವೈದ್ಯನ ಸ್ವಾತಂತ್ರ್ಯ ವಿವೇಕ ಇರೋರಿಗೆ ಮೇಡಂ. ಮಕ್ಕಳು ವಿವೇಕ ಬರೋವರೆಗೂ ಅಪ್ಪ ಅಮ್ಮನ ಕೈಕೆಳಗೆ, ಬುದ್ಧಿ ಸರಿ ಇಲ್ಲದೋರು ಯಾವಾಗ್ಲೂ ಇನ್ನೊಬ್ಬರ ಕೈಕೆಳಗೆ. ಪರೀಕ್ಷೆಗೆ ಇದನ್ನ ಬರೆಯದಿದ್ದಕ್ಕೆ ನನಗೆ ಎರಡು ಮಾರ್ಕ್ಸ್ ಕಡಿಮೆ ಕೊಟ್ಟಿದ್ರಿ.’

ಈಗ ಯಾರೋ ನಕ್ಕರು. ಪುಕ್ಕಲನೂ ಅದನ್ನೇ ಹೇಳಿದ್ದ ಎಂಬುದು ಅವಳ ಪುಣ್ಯಕ್ಕೆ ಅಧ್ಯಕ್ಷನಿಗೆ ಮರೆತಿತ್ತು: ಮಕ್ಕಳು, ದಡ್ಡರು, ಹುಚ್ಚರು ಕರಾರು ಮಾಡಲಾರರು, ಅವರ ಮಟ್ಟಿಗೆ ಕಾನೂನೇ ಇಲ್ಲ, ದನಕರುಗಳಿಗೆ ಇಲ್ಲದ ಹಾಗೆ. ಹೆಜ್ಜೆಹೆಜ್ಜೆಗೆ ಕಾದಾಡುವ ಈ ಇಬ್ಬರು ಮಹಾಶಯರು ಇವಳ ತಮ್ಮನನ್ನು ಬಾಗಿಲಾಚೆ ನಿಲ್ಲಿಸುವುದರಲ್ಲಿ ಮಾತ್ರ ಕೈಕೈ ಹಿಡಿದಿದ್ದರು. ಇಷ್ಟು ವರ್ಷ ಈ ಸಾಲನ್ನು ಬರೆಸುವಾಗ ಅವಳು ಒಮ್ಮೆಯೂ ತಡವರಿಸಿರಲಿಲ್ಲ. ತಮ್ಮ ಮನೆಗೆ ಬಂದ ಮೇಲೂ ತಡವರಿಸಿರಲಿಲ್ಲ.

‘ಕೈ ಎತ್ತೋಣ್ವಾ?’ ಎಂದ ಅಧ್ಯಕ್ಷ.

ಅವಳಿಗೆ ಉಳಿದಿದ್ದವನು ಗಡಿಯಾರದವನ ಮಗ. ಅವನ ಬಗ್ಗೆ ಅವಳಿಗೆ ಯಾವಾಗಲೂ ಒಳಗೊಳಗೇ ತಾತ್ಸಾರ. ಒಂಟಿಯಾಗಿ ಅಲೆಯುತ್ತಿದ್ದ ಕಾಡುಮನುಷ್ಯ ಸುಖಿ, ಇನ್ನೊಂದು ಜೀವದ ನೋವು ಕಂಡರೆ ಹಿಂಜರಿಯುವವನು, ಬೇಲಿ ಹಾಕಿ ಇದು ನನ್ನದೆಂದ ಮೊದಲಿಗ ಎಲ್ಲವನ್ನೂ ಕೆಡಿಸಿದ ಎಂದು ಅಳುವ ಗಿರಾಕಿ. ಆದರೆ ಬಂಧನವನ್ನು ನ್ಯಾಯವಾಗಿಸುವುದು ಹೇಗೆಂದು ಕೇಳಿಕೊಂಡವನೂ ಅವನೇ. ಪ್ರತಿಯೊಬ್ಬನೂ ತನ್ನನ್ನು ಎಲ್ಲರಿಗೂ ಒಪ್ಪಿಸಿದರೆ ಯಾವೊಬ್ಬನಿಗೂ ಒಪ್ಪಿಸಿದಂತಾಗುವುದಿಲ್ಲ; ಮನಬಂದಂತೆ ನಡೆಯುವ ಸ್ವಾತಂತ್ರ್ಯ ಕೊಟ್ಟು, ತಾನೇ ಮಾಡಿಕೊಂಡ ಕಾನೂನಿನಂತೆ ನಡೆದುಕೊಳ್ಳುವ ಸ್ವಾತಂತ್ರ್ಯ ಪಡೆಯುತ್ತಾನೆ. ಅದಕ್ಕೆ ಷರತ್ತು ಒಂದೇ. ಆ ಷರತ್ತು ನೆನಪಾದೊಡನೆ ಅವಳ ಬೆನ್ನು ನೆಟ್ಟಗಾಯಿತು. ಕೇಡಿಗತನದ ಸಂತೋಷ ಮೈಯೆಲ್ಲ ಹರಿಯಿತು.

‘ಎತ್ತಿ’ ಎಂದಳು. ‘ಆದ್ರೆ ಎಲ್ಲರ ಇಚ್ಛೆಯಿಂದ ಆಗೋ ಕಾನೂನು ಒಬ್ಬನ ಹೆಸರು ಹಿಡಿದು ಆಗಲ್ಲ. ಎಲ್ಲರಿಂದ ಬಂದದ್ದು ಎಲ್ಲರಿಗೂ ಅನ್ವಯಿಸಬೇಕು. ಹೀಗೆ ಬರೆಯೋಣ: ಪಕ್ಕದ ಮನೆಯವರಿಗೆ ಭಯ ಹುಟ್ಟಿಸೋರು ಯಾರ ಮನೇಲಿದ್ರೂ ಆ ಮನೆಗೆ ಗ್ರಿಲ್, ಬೀಗದ ಕೈ ಅಧ್ಯಕ್ಷರ ಹತ್ರ. ಭಯ ಆಯ್ತು ಅಂತ ಒಬ್ಬರು ಹೇಳಿದ್ರೆ ಸಾಕು, ಈಗ ನನ್ನ ತಮ್ಮನ ವಿಷಯದಲ್ಲಿ ಹೇಳಿದ ಹಾಗೆ. ನಾನೇ ಮೊದಲು ಕೈ ಎತ್ತುತ್ತೀನಿ.’

ಎತ್ತಿದಳು. ಒಬ್ಬರ ಕೈಯೂ ಮೇಲೇಳಲಿಲ್ಲ. ಅವಳು ನಿಧಾನವಾಗಿ ಕುರ್ಚಿಯಿಂದ ಕುರ್ಚಿಗೆ ಕಣ್ಣು ಹಾಯಿಸಿದಳು. ಹೆಂಡತಿಗೆ ಹೊಡೆಯುವ ಸದ್ದು ಮೆಟ್ಟಿಲವರೆಗೂ ಕೇಳಿಸುತ್ತಿದ್ದ ಮನೆ. ಕುಡಿದು ಬಂದು ಬೇರೆಯವರ ಬಾಗಿಲು ಬಡಿಯುವ ಮೈದುನ ಇದ್ದ ಮನೆ. ಸರ್ವೇಯರ್ ತನ್ನ ನಾಯಿಯ ಬಗ್ಗೆ ಯೋಚಿಸುತ್ತಿದ್ದನೆಂದು ಕಾಣುತ್ತದೆ, ‘ಮನುಷ್ಯರಿಗೆ ಮಾತ್ರಾನಾ ಇದು?’ ಎಂದು ಕೇಳಿದ. ಬ್ಯಾಂಕಿನಾಕೆ ತನ್ನ ಗಂಡನ ಕಡೆ ನೋಡಿದಳು, ತಕ್ಷಣ ಕೈಚೀಲದ ಕಡೆ ನೋಡಿದಳು. ಪ್ರತಿಯೊಬ್ಬನೂ ತನ್ನ ಬಾಗಿಲಿಗೆ ಸರಳು ಬಿದ್ದದ್ದನ್ನು ಕಂಡಿದ್ದ. ಒಬ್ಬೊಬ್ಬರಾಗಿ ಗೊಣಗಿದರು: ಅಷ್ಟು ದೂರ ಯಾಕೆ, ಅವರವರ ಮನೆ ವಿಷಯ, ಹೊಂದಿಕೊಂಡು ಹೋದರಾಯಿತು. ಅಧ್ಯಕ್ಷ ತಲೆ ಕೆರೆದುಕೊಂಡ.

‘ಸರಿ ಮೇಡಂ, ನೀವು ಗೆದ್ರಿ. ಗ್ರಿಲ್ ಬೇಡ, ರೂಲೂ ಬೇಡ. ನಿಮ್ಮ ತಮ್ಮ ನಿಮ್ಮ ಜವಾಬ್ದಾರಿ. ಹೇಗೆ ಒಳಗಿಡ್ತೀರೋ ನಿಮಗೆ ಬಿಟ್ಟಿದ್ದು. ಇನ್ನೊಂದು ಸಲ ಯಾರ ಮನೆ ಹಿಡಿ ತಿರುಗಿದ್ರೂ ನಾನು ನಿಮ್ಮ ಹತ್ರ ಬರಲ್ಲ, ಸ್ಟೇಷನ್‌ಗೇ ಹೋಗ್ತೀನಿ.’

ಮೆಟ್ಟಿಲು ಹತ್ತುವಾಗ ಅವಳ ಕಾಲು ಹಗುರಾಗಿತ್ತು. ಗೆದ್ದಿದ್ದಳು. ಒಂದು ಮಹಡಿ ಪೂರ್ತಿ ಆ ಮುಖಗಳನ್ನು ನೆನೆದು ನಕ್ಕಳು, ಪುಸ್ತಕ ಹಿಡಿದು ಹೊಡೆದ ಹಾಗೆ ಹೊಡೆದೆ ಎಂದುಕೊಂಡಳು. ಎರಡನೆಯ ಮಹಡಿಯಲ್ಲಿ ನಗು ನಿಂತಿತು. ಬೀಗದ ಕೈ ಈಗ ಯಾರ ಬಳಿ? ಅವರ ಕೈಯಿಂದ ಕಿತ್ತುಕೊಂಡಿದ್ದು ಎಲ್ಲಿಗೆ ಬಂತು? ಗಡಿಯಾರದವನ ಮಗ ಕಟ್ಟಡವನ್ನು ಕಾಪಾಡಿದ. ಅವಳ ಬಾಗಿಲೊಳಗೆ ಅವನು ಕಾಲಿಡಲಿಲ್ಲ. ಅಲ್ಲಿ ಅವಳೊಬ್ಬಳೇ ಆಳುವವಳು, ಯಾರಿಗೂ ಏನೂ ಮಾತು ಕೊಡದವಳು. ನಾಳೆ ಬೆಳಗ್ಗೆ ಕಾಲೇಜಿಗೆ ಹೋಗಬೇಕು. ಸಾಯಂಕಾಲದವರೆಗೆ ಅವನೊಬ್ಬನೇ. ಮಧ್ಯಾಹ್ನ ಅವನು ಏಳುತ್ತಾನೆ, ಚಪ್ಪಲಿ ಮೆಟ್ಟುತ್ತಾನೆ. ಪೋಲೀಸರು ಬಂದು ತೋಳು ಹಿಡಿದರೆ ಅವನು ಕಿವಿ ಮುಚ್ಚಿಕೊಳ್ಳುತ್ತಾನೆ, ಕಿವಿ ಮುಚ್ಚಿಕೊಂಡವನನ್ನು ಅವರು ಹೊಡೆಯುತ್ತಾರೆ. ಬೇರೆ ದಾರಿಯಿಲ್ಲ ಎಂದು ತೀರ್ಮಾನವಾದಾಗ ಒಳಗೆಲ್ಲೋ ಒಂದು ಗಂಟು ಸಡಿಲಿಸಿದ ಸುಖವಾಯಿತು. ಆ ಸುಖವನ್ನು ಅವಳು ಗುರುತಿಸಿದಳು. ಹೊಲಿಗೆಯಂತ್ರದ ಸದ್ದು ನಿಂತಾಗಲೂ ಇಂಥದೇ ಆಗಿತ್ತು.

ತಮ್ಮ ಊಟದ ಮೇಜಿನ ಬಳಿ ಕೂತು ಹಳೆಯ ಪತ್ರಿಕೆಯೊಂದರ ತಪ್ಪು ತಿದ್ದುತ್ತಿದ್ದ. ಅವಳು ಎದುರು ಕೂತು ಎಲ್ಲ ಹೇಳಿದಳು. ಗೆದ್ದದ್ದನ್ನು ಸ್ವಲ್ಪ ಹೆಚ್ಚಾಗಿಯೇ ಹೇಳಿದಳು. ಆಮೇಲೆ, ನಾಳೆಯಿಂದ ತಾನು ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗಬೇಕಾಗುತ್ತದೆ ಎಂದಳು. ಅವನು ಪೆನ್ಸಿಲ್ ಕೆಳಗಿಟ್ಟ.

‘ನೀನು ಒಪ್ಪಿದ್ರೆ ಮಾತ್ರ’ ಎಂದಳು. ತಾನು ಅವರಂಥವಳಲ್ಲ. ತಾನು ಕೇಳುತ್ತಿದ್ದಾಳೆ. ಕೇಳುವುದೇ ದೊಡ್ಡದು.

‘ಒಪ್ಪದಿದ್ರೆ?’

ಅವಳು ಮೇಜಿನ ಮೇಲಿನ ರಬ್ಬರಿನ ಪುಡಿಯನ್ನು ಅಂಗೈಯಿಂದ ಗುಡ್ಡೆ ಮಾಡಿದಳು. ‘ಆಗ್ಲೂ ಹಾಕಬೇಕಾಗತ್ತೆ ಕಣೋ. ಬೇರೆ ಏನು ಮಾಡ್ಲಿ ಹೇಳು.’

‘ಹಾಗಾದ್ರೆ ಯಾಕೆ ಕೇಳ್ತಿದೀಯ ಅಕ್ಕ?’

ಕೆಣಕಲು ಕೇಳಿದ್ದಲ್ಲ. ತಪ್ಪು ಎಲ್ಲಿದೆ ಎಂದು ಹುಡುಕುವಾಗ ಅವನ ಹುಬ್ಬು ಹೀಗೇ ಗಂಟಿಕ್ಕುತ್ತಿತ್ತು. ವಿವೇಕವಿಲ್ಲದವನೆಂದು ಪುಕ್ಕಲನೂ ವೈದ್ಯನೂ ಆಚೆ ನಿಲ್ಲಿಸಿದವನು ನೇರವಾಗಿ ಬಂದು ಮೂವರ ಕರಾರಿನ ಬುಡಕ್ಕೇ ಕೈಹಾಕಿದ್ದ. ಅವಳಿಗೆ ಬೈಯಬೇಕೆನಿಸಿತು, ಪಾತ್ರೆ ಎತ್ತಿ ಕುಕ್ಕಬೇಕೆನಿಸಿತು, ನಿನ್ನಿಂದ ನನಗೆ ಒಂದು ದಿನವಾದರೂ ಬಿಡುವಿದೆಯಾ ಎಂದು ಕೂಗಬೇಕೆನಿಸಿತು. ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಹುಡುಕುತ್ತಿದ್ದ ತಪ್ಪು ಅವಳ ಮುಖದಲ್ಲೇ ಸಿಕ್ಕಿತೆಂಬಂತೆ, ಮೆತ್ತಗಾದ.

‘ಒಪ್ಪಿದೆ ಅಂದ್ರೆ ನಿನಗೆ ನಿದ್ದೆ ಬರತ್ತಾ?’ ಎಂದ.

ಅವಳು ಹೌದೆಂದು ತಲೆಯಾಡಿಸಿದಳು.

‘ಹಾಗಾದ್ರೆ ಒಪ್ಪಿದೆ. ಮಲಗು ಹೋಗು.’

ಆ ಕ್ಷಣ ಅವನನ್ನು ದ್ವೇಷಿಸಿದಷ್ಟು ಅವಳು ನೆಲಮಾಳಿಗೆಯ ಯಾರನ್ನೂ ದ್ವೇಷಿಸಿರಲಿಲ್ಲ. ಹೋಗಿ ಮಲಗಿದಳು. ನಿದ್ದೆ ಬಂತು, ಒಳ್ಳೆಯ ನಿದ್ದೆ. ಬೆಳಗ್ಗೆ ಅವನ ಊಟ ಮುಚ್ಚಿಟ್ಟು, ಹೊರಗೆ ಬಂದು ಬೀಗ ಹಾಕಿದಳು.